ಮೂಡಣ ಬಾಲ್ಕನಿ, ಪಡುವಣ ಬಾಲ್ಕನಿ, ನೆರಳಿನ ಬಾಲ್ಕನಿ

ಬಾಲ್ಕನಿಯಲ್ಲಿ ಯಾವ ಗಿಡ ಬದುಕುತ್ತದೆ, ಯಾವುದು ಸೊರಗುತ್ತದೆ ಎಂಬುದನ್ನು ಮಣ್ಣು, ಗೊಬ್ಬರ, ನೀರಿಗಿಂತ ಮೊದಲು ತೀರ್ಮಾನಿಸುವುದು ಬೆಳಕು. ಮಣ್ಣು ಸರಿಯಿಲ್ಲದಿದ್ದರೆ ಬದಲಿಸಬಹುದು, ಗೊಬ್ಬರ ಸಾಲದಿದ್ದರೆ ಹಾಕಬಹುದು. ಅಪಾರ್ಟ್‌ಮೆಂಟಿನ ಗೋಡೆಯನ್ನು ಮಾತ್ರ ಯಾರೂ ತಿರುಗಿಸಿ ಕೂರಿಸಲಾರರು. ಹೊಲದಲ್ಲಿ, ಹಿತ್ತಲಲ್ಲಿ ಗಿಡಕ್ಕೆ ತಕ್ಕ ಜಾಗ ಹುಡುಕುತ್ತಾರೆ. ಬಾಲ್ಕನಿಯಲ್ಲಿ ಇರುವ ಜಾಗಕ್ಕೆ ತಕ್ಕ ಗಿಡವನ್ನು ಹುಡುಕಬೇಕಾಗುತ್ತದೆ. ನರ್ಸರಿಯಲ್ಲಿ ಮೈತುಂಬ ಹೂ ಹೊತ್ತು ನಿಂತಿದ್ದ ಗಿಡ ಮನೆಗೆ ಬಂದ ತಿಂಗಳೊಪ್ಪತ್ತಿನಲ್ಲಿ ಬೋಳಾಗುವುದಕ್ಕೆ ಬಹುಪಾಲು ಈ ಹೊಂದಾಣಿಕೆ ತಪ್ಪಿದ್ದೇ ಕಾರಣ.

ದಿಕ್ಕಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಗೆ ವರ್ಷವಿಡೀ ಬಿಸಿಲು, ಉತ್ತರದ್ದಕ್ಕೆ ವರ್ಷವಿಡೀ ನೆರಳು ಎಂದು ಗಿಡಗಳ ಎಷ್ಟೋ ಪುಸ್ತಕಗಳು ಹೇಳುತ್ತವೆ. ಅದು ಯುರೋಪ್, ಉತ್ತರ ಅಮೆರಿಕಗಳ ಮಟ್ಟಿಗೆ ನಿಜ. ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣದ ಆಕಾಶದಲ್ಲೇ ಇರುತ್ತಾನೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಹಾಗಾಗಿ ಡಿಸೆಂಬರಿನಲ್ಲಿ ಬಿಸಿಲು ಕಾಯುವ ದಕ್ಷಿಣದ ಬಾಲ್ಕನಿ ಜೂನ್‌ನಲ್ಲಿ ನೆರಳಿನ ಬಾಲ್ಕನಿಯಾಗುತ್ತದೆ. ಚಳಿಗಾಲದಲ್ಲಿ ಬಿಸಿಲನ್ನೇ ಕಾಣದ ಉತ್ತರದ ಬಾಲ್ಕನಿಗೆ ಮೇ, ಜೂನ್‌ನಲ್ಲಿ ಬೆಳಗ್ಗೆ ಸಂಜೆ ಓರೆ ಬಿಸಿಲು ಬೀಳುತ್ತದೆ.

ಮೂಡಣ, ಪಡುವಣ ಬಾಲ್ಕನಿಗಳು ಹೀಗೆ ಋತುವಿನೊಂದಿಗೆ ಬಣ್ಣ ಬದಲಿಸುವುದಿಲ್ಲ. ಮೊದಲನೆಯದಕ್ಕೆ ವರ್ಷವಿಡೀ ಮಧ್ಯಾಹ್ನದವರೆಗಿನ ಬಿಸಿಲು, ಎರಡನೆಯದಕ್ಕೆ ಮಧ್ಯಾಹ್ನದ ನಂತರದ್ದು. ಬದಲಾಗುವುದು ಸೂರ್ಯ ಹುಟ್ಟುವ, ಮುಳುಗುವ ಜಾಗ ಮಾತ್ರ. ಜೂನ್ ಕೊನೆಗೆ ಆತ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ. ಬಾಲ್ಕನಿಯ ಪಕ್ಕದಲ್ಲಿ ಗೋಡೆಯಿದ್ದರೆ ಇದು ಲೆಕ್ಕಕ್ಕೆ ಬರುತ್ತದೆ. ಮೂಡಣ ಬಾಲ್ಕನಿಯ ದಕ್ಷಿಣದ ಬದಿಗೆ ಗೋಡೆ ಇದ್ದರೆ ಅದಕ್ಕೆ ಒತ್ತಿಕೊಂಡ ಮೂಲೆಗೆ ಚಳಿಗಾಲದ ಎಳೆಬಿಸಿಲು ತಪ್ಪುತ್ತದೆ, ಬೇಸಿಗೆಯಲ್ಲಿ ಅದೇ ಮೂಲೆ ಬೆಳಗುತ್ತದೆ.

ಒಂದೇ ದಿಕ್ಕು, ಬೇರೆ ಬೇರೆ ಬೆಳಕು

ದಿಕ್ಕು ತಿಳಿದ ಮಾತ್ರಕ್ಕೆ ಬೆಳಕು ತಿಳಿದಂತಾಗಲಿಲ್ಲ. ಬಾಲ್ಕನಿಯ ತಲೆಯ ಮೇಲೆ ಮೇಲ್ಮನೆಯ ಸ್ಲ್ಯಾಬ್ ಇರುತ್ತದೆ, ಎದುರಿಗೆ ಇನ್ನೊಂದು ಕಟ್ಟಡ ಇರುತ್ತದೆ, ಮುಂಗಡೆ ಕಂಬಿಯೋ ಮೋಟುಗೋಡೆಯೋ ಇರುತ್ತದೆ. ಬಿಸಿಲು ಎಷ್ಟು ಹೊತ್ತಿಗೆ ಒಳಗೆ ಬರಬೇಕು, ಎಷ್ಟು ಹೊತ್ತಿಗೆ ಹೊರಗೆ ಹೋಗಬೇಕು ಎಂಬುದನ್ನು ಈ ಮೂರು ಸೇರಿ ನಿರ್ಧರಿಸುತ್ತವೆ. ಒಂದು ಉದಾಹರಣೆಯನ್ನು ಪೂರ್ತಿ ಲೆಕ್ಕ ಹಾಕಿ ನೋಡಿದರೆ ವಿಷಯ ತಿಳಿಯಾಗುತ್ತದೆ.

ಬೆಂಗಳೂರಿನಲ್ಲಿ ಪೂರ್ವಕ್ಕೆ ಮುಖ ಮಾಡಿದ ಒಂದು ಬಾಲ್ಕನಿ. ಒಳಗಿನ ಗೋಡೆಯಿಂದ ಅಂಚಿನವರೆಗೆ 5 ಅಡಿ ಅಗಲ, ನೆಲದಿಂದ ಸ್ಲ್ಯಾಬಿಗೆ 9 ಅಡಿ ಎತ್ತರ, ಮುಂದೆ ಮೂರೂವರೆ ಅಡಿಯ ಗಟ್ಟಿ ಮೋಟುಗೋಡೆ. ತಿಂಗಳು ಮಾರ್ಚ್. ಕಟ್ಟಡದ ಏಳನೆಯ ಮಹಡಿ, ಎದುರಿಗೆ ಅಡ್ಡ ಏನೂ ಇಲ್ಲ. ಸೂರ್ಯ ಗಂಟೆಗೆ ಸುಮಾರು 15 ಡಿಗ್ರಿಯಂತೆ ಏರುತ್ತಾನೆ. ಮೋಟುಗೋಡೆಯ ಮೇಲೆ ಅಥವಾ ಕಂಬಿಗೆ ತೂಗುಹಾಕಿದ ಕುಂಡಕ್ಕೆ ಬೆಳಗ್ಗೆ ಆರೂವರೆಯಿಂದ ಹನ್ನೆರಡೂವರೆಯ ಹತ್ತಿರದವರೆಗೂ ಬಿಸಿಲುಂಟು. ಅದೇ ಬಾಲ್ಕನಿಯ ಒಳಗೋಡೆಗೆ ಒರಗಿಸಿ ನೆಲದ ಮೇಲಿಟ್ಟ ಕುಂಡಕ್ಕೆ ಮೊದಲು ಮೋಟುಗೋಡೆಯ ನೆರಳು. ಎಂಟೂಮುಕ್ಕಾಲಿಗೆ ಆ ನೆರಳು ಸರಿದು ಬಿಸಿಲು ಬರುತ್ತದೆ, ಹತ್ತೂವರೆಗೆ ಮೇಲಿನ ಸ್ಲ್ಯಾಬಿನ ನೆರಳು ಇಳಿದು ಆಟ ಮುಗಿಯುತ್ತದೆ. ಸಿಕ್ಕಿದ್ದು ಎರಡು ಗಂಟೆಗಿಂತ ಕಡಿಮೆ. ಮೋಟುಗೋಡೆಯ ಬದಲು ಕಂಬಿಯಿದ್ದಿದ್ದರೆ ಅದೇ ಜಾಗಕ್ಕೆ ನಾಲ್ಕು ಗಂಟೆ ಸಿಗುತ್ತಿತ್ತು.

ಎಲ್ಲಕ್ಕಿಂತ ಕಷ್ಟದ ಜಾಗ ಮೋಟುಗೋಡೆಯ ಬುಡ. ಹೊರಗಿನ ಅಂಚಿಗೆ ಹತ್ತಿರವೆಂದು ಬಹಳ ಮಂದಿ ಬಿಸಿಲು ಬೇಡುವ ಕುಂಡಗಳನ್ನು ಅಲ್ಲೇ ಸಾಲಾಗಿ ಇಡುತ್ತಾರೆ. ಅಂಚಿನಿಂದ ಒಂದಡಿ ಒಳಗೆ ನೆಲದ ಮೇಲಿರುವ ಗಿಡದ ಬುಡಕ್ಕೆ ಬಿಸಿಲು ತಾಗುವುದು ಹನ್ನೊಂದೂಕಾಲು ದಾಟಿದ ಮೇಲೆ. ಅರ್ಧ ಗಂಟೆಯಲ್ಲಿ ಸ್ಲ್ಯಾಬ್ ಅದನ್ನೂ ಕಸಿಯುತ್ತದೆ. ಮೂರಡಿ ಎತ್ತರದ ಕಬ್ಬಿಣದ ಸ್ಟ್ಯಾಂಡೊಂದರ ಮೇಲೆ ಅದೇ ಕುಂಡವನ್ನು ಏರಿಸಿದರೆ ಬೆಳಗಿನ ಬಿಸಿಲಿನ ಬಹುಭಾಗ ಸಿಗುತ್ತದೆ. ಹಾಗೆಂದು ಎತ್ತರ ಹೆಚ್ಚಿದಷ್ಟೂ ಒಳ್ಳೆಯದೆಂದೂ ಅಲ್ಲ. ಒಳಗೋಡೆಗೆ ಆರಡಿ ಎತ್ತರದಲ್ಲಿ ಮೊಳೆ ಹೊಡೆದು ತೂಗುಹಾಕಿದ ಕುಂಡಕ್ಕೆ ಎಂಟೂವರೆಗೇ ಸ್ಲ್ಯಾಬಿನ ನೆರಳು ಬೀಳುತ್ತದೆ. ಗೋಡೆಯ ಮೇಲೆ ಚೆಂದ ಕಾಣುವ ತೂಗುಕುಂಡಗಳಿಗೆ ನೆರಳಿನ ಗಿಡಗಳೇ ಸರಿ.

ಈಗ ಅದೇ ಕಟ್ಟಡದ ಮೊದಲ ಮಹಡಿ. ಎದುರಿಗೆ, 40 ಅಡಿ ಆಚೆ, ಈ ಬಾಲ್ಕನಿಯ ನೆಲದಿಂದ 40 ಅಡಿ ಎತ್ತರಕ್ಕೆ ಎದ್ದ ಇನ್ನೊಂದು ಕಟ್ಟಡ. ಸೂರ್ಯ ಅದರ ತಲೆಯನ್ನು ದಾಟುವುದು ಒಂಬತ್ತೂಕಾಲರ ಸುಮಾರಿಗೆ. ಅಂಚಿನ ಕುಂಡಕ್ಕೆ ಮೂರು ಗಂಟೆಯ ಬಿಸಿಲು ಉಳಿಯಿತು, ಒಳಗೋಡೆಯ ಕುಂಡಕ್ಕೆ ಒಂದೂಕಾಲು ಗಂಟೆ. ಎರಡು ಮನೆಯವರೂ ತಮ್ಮದು ಮೂಡಣ ಬಾಲ್ಕನಿ ಎನ್ನುತ್ತಾರೆ. ಮೇಲಿನವರ ಅಂಚಿನಲ್ಲಿ ತುಳಸಿ ದಟ್ಟವಾಗಿ ಬೆಳೆದರೆ ಕೆಳಗಿನವರ ಒಳಮೂಲೆಯಲ್ಲಿ ಅದೇ ತುಳಸಿ ಎರಡು ತಿಂಗಳಲ್ಲಿ ಕಡ್ಡಿಯಾಗುತ್ತದೆ, ದಿಕ್ಕು ಮಾತ್ರ ಒಂದೇ. ಪಡುವಣ ಬಾಲ್ಕನಿಗೆ ಇದೇ ಲೆಕ್ಕವನ್ನು ತಿರುಗಿಸಿ ಓದಿಕೊಂಡರಾಯಿತು: ಅಂಚಿಗೆ ಹನ್ನೆರಡೂವರೆಯಿಂದ ಬಿಸಿಲು, ಒಳಗೋಡೆಗೆ ಎರಡೂವರೆಯ ನಂತರ.

ಇಷ್ಟು ಲೆಕ್ಕ ಹಾಕುವ ತೊಂದರೆ ಬೇಡವೆಂದರೆ ಒಂದು ರಜಾ ದಿನ ಸಾಕು. ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ ಗಂಟೆಗೊಮ್ಮೆ ಬಾಲ್ಕನಿಯಲ್ಲಿ ಬಿಸಿಲಿನ ಗಡಿ ಎಲ್ಲಿದೆಯೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆದು ಪಕ್ಕದಲ್ಲಿ ಹೊತ್ತು ಬರೆದರೆ ಸಂಜೆಗೆ ನೆಲದ ಮೇಲೆಯೇ ನಕ್ಷೆ ಸಿದ್ಧ. ಮಾರ್ಚ್ ಅಥವಾ ಸೆಪ್ಟೆಂಬರಿನಲ್ಲಿ ಎಳೆದ ನಕ್ಷೆ ವರ್ಷದ ಸರಾಸರಿಗೆ ಹತ್ತಿರ. ನೇರ ಬಿಸಿಲು ಬೀಳದ ಜಾಗಗಳಿಗೆ ಕೈಯ ನೆರಳು ನೋಡುವ ಉಪಾಯವಿದೆ. ಮಧ್ಯಾಹ್ನ ಬಿಳಿ ಹಾಳೆಯೊಂದರ ಮೇಲೆ ಒಂದಡಿ ಎತ್ತರದಲ್ಲಿ ಅಂಗೈ ಹಿಡಿದಾಗ ಬೆರಳುಗಳು ಬಿಡಿಬಿಡಿಯಾಗಿ ಕಂಡರೆ ಒಳ್ಳೆಯ ಬೆಳಕು. ಅಂಚು ಕಲಸಿಹೋದ ಮಸುಕು ನೆರಳಾದರೆ ಮಧ್ಯಮ. ನೆರಳೇ ಬೀಳದಿದ್ದರೆ ಅಲ್ಲಿ ಬೆಳೆಯುವ ಗಿಡಗಳು ಬೆರಳೆಣಿಕೆಯಷ್ಟು.

ಕಣ್ಣಳತೆಯನ್ನು ಇಲ್ಲಿ ನಂಬುವಂತಿಲ್ಲ. ಮಧ್ಯಾಹ್ನದ ತೆರೆದ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಆಕಾಶ ಚೆನ್ನಾಗಿ ಕಾಣುವ ನೆರಳಿನಲ್ಲಿ 10ರಿಂದ 20 ಸಾವಿರ. ಬಾಲ್ಕನಿಯ ಒಳಮೂಲೆಯಲ್ಲಿ ಕೆಲವೇ ಸಾವಿರ. ಕಿಟಕಿಯಿಂದ ದೂರದ ಕೋಣೆಯಲ್ಲಿ ಕೆಲವು ನೂರು. ಬಿಸಿಲಿನಿಂದ ಕೋಣೆಯೊಳಗೆ ಬಂದರೆ ಬೆಳಕು ನೂರಾರು ಪಟ್ಟು ಕುಸಿದಿರುತ್ತದೆ, ಆದರೆ ಕಣ್ಣು ಕ್ಷಣದಲ್ಲಿ ಹೊಂದಿಕೊಂಡು ಚೂರು ಮಬ್ಬಾಗಿದೆ ಅಷ್ಟೇ ಎನ್ನುತ್ತದೆ. ಮೊಬೈಲಿನ ಲಕ್ಸ್ ಮೀಟರ್ ಆ್ಯಪ್‌ಗಳು ಈ ಮೋಸವನ್ನು ಬಯಲು ಮಾಡುತ್ತವೆ. ಅವುಗಳ ಅಂಕಿ ಕರಾರುವಾಕ್ಕಲ್ಲ. ಒಂದೇ ಹೊತ್ತಿನಲ್ಲಿ ಎರಡು ಮೂಲೆಗಳನ್ನು ಹೋಲಿಸಲು ಮಾತ್ರ ಧಾರಾಳ ಸಾಕು. ಎಲೆ ಇರುವ ಮಟ್ಟದಲ್ಲಿ ಪರದೆ ಮೇಲ್ಮುಖವಾಗಿರುವಂತೆ ಫೋನ್ ಹಿಡಿಯಬೇಕು.

ಮೂಡಣದ ಎಳೆಬಿಸಿಲು

ಬೆಳಗಿನ ಮೂರು ಗಂಟೆಯ ಬಿಸಿಲಿಗೂ ಮಧ್ಯಾಹ್ನದ ಮೂರು ಗಂಟೆಯ ಬಿಸಿಲಿಗೂ ಬೆಳಕಿನ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಸುತ್ತಲ ಗಾಳಿಯಲ್ಲಿ. ಎಲೆಯ ಮೈಮೇಲಿನ ಸೂಕ್ಷ್ಮ ರಂಧ್ರಗಳು ತೆರೆದಿದ್ದರೆ ಮಾತ್ರ ಇಂಗಾಲದ ಡೈಆಕ್ಸೈಡ್ ಒಳಬಂದು ಆಹಾರ ತಯಾರಾಗುತ್ತದೆ; ತೆರೆದಷ್ಟು ಹೊತ್ತೂ ಅದೇ ದಾರಿಯಲ್ಲಿ ನೀರು ಆವಿಯಾಗಿ ಹೋಗುತ್ತಿರುತ್ತದೆ. ಬೆಳಗಿನ ಗಾಳಿ ತಂಪಾಗಿ, ಸ್ವಲ್ಪ ತೇವವಾಗಿ ಇರುವುದರಿಂದ ನೀರಿನ ನಷ್ಟ ಕಡಿಮೆ, ಗಿಡ ನಿಶ್ಚಿಂತೆಯಿಂದ ಕೆಲಸ ಮಾಡುತ್ತದೆ. ಮಧ್ಯಾಹ್ನ ಎರಡು ಮೂರರ ಒಣಗಾಳಿಯಲ್ಲಿ ನೀರು ಉಳಿಸಲು ರಂಧ್ರಗಳು ಅರೆ ಮುಚ್ಚಿಕೊಳ್ಳುತ್ತವೆ. ಬೆಳಕು ಧಾರಾಳವಾಗಿದ್ದರೂ ಅಡುಗೆ ನಿಧಾನವಾಗುತ್ತದೆ, ಎಲೆ ಬಿಸಿಯಾಗುತ್ತದೆ. ಮೆತ್ತನೆಯ, ತೆಳು ಎಲೆಯ ಗಿಡಗಳಿಗೆ ಮೂಡಣ ಬಾಲ್ಕನಿ ಒಗ್ಗುವುದು ಈ ಕಾರಣಕ್ಕೆ.

ಮೂಡಣದ ಗಿಡವೆಂದರೆ ಮೊದಲು ಹೆಸರಿಸಬೇಕಾದದ್ದು ಕನಕಾಂಬರ. ಬೆಳಗಿನ ಮೂರು ಗಂಟೆ ಬಿಸಿಲು, ಮುಂದೆ ತಂಪಾದ ಬೆಳಕು, ಒಂದೇ ಸಮ ಇರುವ ತೇವ, ಇಷ್ಟು ಸಿಕ್ಕರೆ ಅದು ಹತ್ತಿಂಚಿನ ಕುಂಡದಲ್ಲೂ ತಿಂಗಳುಗಟ್ಟಲೆ ಹೂ ಬಿಡುತ್ತದೆ. ಮಧ್ಯಾಹ್ನದ ಬಿರುಬಿಸಿಲಿಗೆ ಇಟ್ಟರೆ ಎಲೆ ತಿಳಿಯಾಗಿ ಸುರುಟಿಕೊಳ್ಳುತ್ತದೆ. ತೆನೆಯಲ್ಲಿ ಹೂ ಮುಗಿದ ಕೂಡಲೇ ತೆನೆಯನ್ನು ಚಿವುಟಿದರೆ ಬೀಜಕ್ಕೆ ಹೋಗುವ ಶಕ್ತಿ ಹೊಸ ತೆನೆಗೆ ಸಿಗುತ್ತದೆ. ಇಷ್ಟು ಹೊಂದಿಕೊಳ್ಳುವ ಗಿಡ ಬಾಲ್ಕನಿಗಳಲ್ಲಿ ಅಪರೂಪವಾಗಿರುವುದು ವಿಚಿತ್ರ. ವಿದೇಶಿ ಹೆಸರಿಲ್ಲದ ಗಿಡಗಳಿಗೆ ನರ್ಸರಿಯ ಮುಂದಿನ ಸಾಲಿನಲ್ಲಿ ಜಾಗ ಸಿಗುವುದು ಕಡಿಮೆ.

ಅಡುಗೆಮನೆಯ ಸೊಪ್ಪುಗಳಿಗೂ ಇದೇ ಸರಿಯಾದ ದಿಕ್ಕು. ಕೊತ್ತಂಬರಿ ಬಿಸಿಲಿನ ಝಳ ತಾಗಿದರೆ ಸೊಪ್ಪು ಬಿಡುವುದನ್ನು ನಿಲ್ಲಿಸಿ ಬೇಗನೆ ಹೂ ಕಟ್ಟುತ್ತದೆ. ಮೂಡಣದಲ್ಲಿ ಒಂದೆರಡು ಕೊಯ್ಲು ಹೆಚ್ಚು ಸಿಗುತ್ತದೆ. ಮೆಂತ್ಯ, ಪಾಲಕ್, ಪುದೀನ, ಒಂದೆಲಗ, ದೊಡ್ಡಪತ್ರೆ ಎಲ್ಲವೂ ಇಲ್ಲಿ ಸುಖವಾಗಿರುತ್ತವೆ. ಇವುಗಳಲ್ಲಿ ಪುದೀನ ಮತ್ತು ಒಂದೆಲಗ ಎರಡು ಗಂಟೆಯ ಬಿಸಿಲಿಗೂ ಒಪ್ಪಿಕೊಳ್ಳುತ್ತವೆ, ತೇವ ಮಾತ್ರ ಆರಬಾರದು.

ಹೂಗಿಡಗಳ ವಿಷಯದಲ್ಲಿ ಕೈಸುಡುವುದು ಹೆಚ್ಚಾಗಿ ಮಲ್ಲಿಗೆಯಿಂದ. ದುಂಡುಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆಯ ಬಿಸಿಲು ಬೇಕು. ಮೂರು ಗಂಟೆ ಸಿಕ್ಕರೆ ಗಿಡ ಸಾಯುವುದಿಲ್ಲ, ಹಸಿರಾಗಿ ಬಳ್ಳಿಯಂತೆ ಹಬ್ಬುತ್ತದೆ, ಮೊಗ್ಗು ಮಾತ್ರ ಬಿಡುವುದಿಲ್ಲ. ಆಗ ಗೊಬ್ಬರ ಸುರಿದರೆ ಎಲೆ ಇನ್ನಷ್ಟು ದಟ್ಟವಾಗುತ್ತದೆಯೇ ಹೊರತು ಹೂ ಬರುವುದಿಲ್ಲ. ಗುಲಾಬಿ, ದಾಸವಾಳಗಳ ಕಥೆಯೂ ಹೆಚ್ಚುಕಡಿಮೆ ಇದೇ, ದಾಸವಾಳ ಸ್ವಲ್ಪ ಉದಾರಿ. ನಾಲ್ಕು ಗಂಟೆಗೂ ಅಷ್ಟಿಷ್ಟು ಹೂ ಕೊಡುತ್ತದೆ. ಎದುರು ಅಡ್ಡವಿಲ್ಲದ ಎತ್ತರದ ಮಹಡಿಯ ಅಂಚಿನಲ್ಲಿ ಈ ಮೂರನ್ನೂ ಬೆಳೆಯಬಹುದು. ಉಳಿದ ಮೂಡಣ ಬಾಲ್ಕನಿಗಳಲ್ಲಿ ಇವುಗಳ ಆಸೆ ಬಿಟ್ಟು ಕನಕಾಂಬರ, ಬಿಗೋನಿಯ, ಕರ್ಣಕುಂಡಲಗಳ ಕಡೆ ತಿರುಗುವುದು ಲೇಸು.

ಪಡುವಣದ ಬಿರುಬಿಸಿಲು

ಪಡುವಣ ಬಾಲ್ಕನಿಗೆ ಬಿಸಿಲು ಬರುವಾಗ ಗಾಳಿ ಆಗಲೇ ಕಾದಿರುತ್ತದೆ. ಟೈಲ್ಸ್ ನೆಲ, ಹಿಂದಿನ ಗೋಡೆ ಎರಡೂ ಶಾಖ ಹೀರಿಕೊಂಡು ರಾತ್ರಿ ಹೊತ್ತು ಏರಿದ ಮೇಲೂ ಅದನ್ನು ಹೊರಗೆ ಬಿಡುತ್ತಿರುತ್ತವೆ. ಹೀಗಾಗಿ ಇಲ್ಲಿನ ಗಿಡಕ್ಕೆ ಬೆಳಕನ್ನು ಉಣ್ಣುವುದಕ್ಕಿಂತ ಶಾಖವನ್ನು ತಾಳುವುದೇ ದೊಡ್ಡ ಕೆಲಸ. ಒಣಪ್ರದೇಶದ ಮೂಲದವು, ದಪ್ಪ ಎಲೆಯವು, ಗಟ್ಟಿ ಕಾಂಡದವು ಇದರಲ್ಲಿ ಗೆಲ್ಲುತ್ತವೆ.

ಬೋಗನ್‌ವಿಲ್ಲಾ ಇಲ್ಲಿನ ರಾಜ. ಅದಕ್ಕೆ ಐದು ಗಂಟೆಗೂ ಮೀರಿದ ಬಿಸಿಲು ಬೇಕು, ನೀರು ಹೆಚ್ಚಾದರೆ ಎಲೆಗೆ ಬೀಳುತ್ತದೆ. ಮಣ್ಣು ಚೆನ್ನಾಗಿ ಒಣಗಿ ಎಲೆ ತುಸು ಬಾಡುವವರೆಗೆ ಕಾದು ನೀರು ಕೊಟ್ಟರೆ ಬಣ್ಣ ತುಂಬಿಕೊಳ್ಳುತ್ತದೆ. ಅಡೀನಿಯಂ, ಲೋಳೆಸರ, ನಿತ್ಯಪುಷ್ಪಗಳಿಗೂ ಈ ಬಿಸಿಲು ಹಿತ. ತರಕಾರಿಗಳಲ್ಲಿ ಮೆಣಸಿನಕಾಯಿ, ಬದನೆ, ಸೊಪ್ಪಿನಲ್ಲಿ ಬಸಳೆ. ಬಸಳೆಗೆ ನೀರೊಂದು ಧಾರಾಳವಾಗಿದ್ದರೆ ಕಾವು ಲೆಕ್ಕಕ್ಕಿಲ್ಲ, ಕಂಬಿಯುದ್ದಕ್ಕೂ ಹಬ್ಬಿ ಬಿಡುತ್ತದೆ. ಕರಿಬೇವು ಹನ್ನೆರಡಿಂಚಿಗಿಂತ ದೊಡ್ಡ ಕುಂಡದಲ್ಲಿ ಪಡುವಣದ ಅಂಚನ್ನು ಇಷ್ಟಪಡುತ್ತದೆ. ಮೂಡಣದಲ್ಲಿ ಹೂ ಬಿಡದೆ ಸತಾಯಿಸುವ ದುಂಡುಮಲ್ಲಿಗೆ ಬಹಳ ಸಲ ಇಲ್ಲಿಗೆ ಬಂದ ಮೇಲೆ ಮೊಗ್ಗು ಕಟ್ಟುತ್ತದೆ. ದೊಡ್ಡ ಕುಂಡ, ಬೇಸಿಗೆಯಲ್ಲಿ ದಿನವೂ ನೀರು ಇರಬೇಕು.

ಬಿಸಿಲನ್ನು ಬೇಡುವ ಗಿಡವೆಲ್ಲ ಪಡುವಣಕ್ಕೆ ಸರಿಯೆಂದು ತಿಳಿಯಬಾರದು. ಹತ್ತು ಗಂಟೆ ಹೂ ಅಥವಾ ಟೇಬಲ್ ರೋಸ್ ಎಂದು ಕರೆಯುವ ಪೋರ್ಚುಲಾಕಾ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಅಪ್ಪಟ ಬಿಸಿಲಿನ ಗಿಡ. ಆದರೆ ಅದರ ಹೂ ಬೆಳಗಿನ ಬಿಸಿಲಿಗೆ ಅರಳಿ ಸಾಮಾನ್ಯವಾಗಿ ಮಧ್ಯಾಹ್ನ ಇಳಿಯುವ ಹೊತ್ತಿಗೆ ಮುದುಡುತ್ತದೆ. ಒಂದು ಗಂಟೆಯವರೆಗೆ ಬಿಸಿಲೇ ಕಾಣದ ಬಾಲ್ಕನಿಯಲ್ಲಿ ಅದು ಪೂರ್ತಿ ಅರಳಿ ನಿಂತದ್ದನ್ನು ನೋಡುವ ಭಾಗ್ಯ ಕಡಿಮೆ. ಅದನ್ನು ಮೂಡಣದ ಅಂಚಿಗೆ ಕಳಿಸಿ, ಪಡುವಣದಲ್ಲಿ ನಾಲ್ಕು ಗಂಟೆಯ ಸುಮಾರಿಗೆ ಅರಳುವ ಸಂಜೆಮಲ್ಲಿಗೆ ಇಟ್ಟರೆ ಎರಡಕ್ಕೂ ನ್ಯಾಯ ಸಿಗುತ್ತದೆ.

ಇಲ್ಲಿ ಕುಂಡದ ಆಯ್ಕೆಗೂ ಗಿಡದ ಆಯ್ಕೆಯಷ್ಟೇ ಬೆಲೆ. ಕಪ್ಪು ಪ್ಲಾಸ್ಟಿಕ್ ಕುಂಡದ ಪಡುವಣ ಮಗ್ಗುಲು ಕೈಯಿಟ್ಟರೆ ಚುರುಗುಟ್ಟುವಷ್ಟು ಕಾಯುತ್ತದೆ, ಒಳಗೆ ಅದಕ್ಕೆ ತಾಗಿದ ಬೇರುಗಳು ಬೆಂದುಹೋಗುತ್ತವೆ. ಮೇಲೆ ನೋಡಿದರೆ ನೀರಿದ್ದೂ ಗಿಡ ಬಾಡುತ್ತಿರುತ್ತದೆ. ಮಣ್ಣಿನ ಕುಂಡದ ಮೈಯಿಂದ ನೀರು ಆವಿಯಾಗುವುದರಿಂದ ಅದು ತಂಪಾಗಿರುತ್ತದೆ, ಬೇಗ ಒಣಗುತ್ತದೆ ಎಂಬುದು ಅದರ ಬೆಲೆ. ಪ್ಲಾಸ್ಟಿಕ್ಕೇ ಬೇಕಾದರೆ ತಿಳಿ ಬಣ್ಣದ್ದು, ಅಥವಾ ಒಂದು ಕುಂಡವನ್ನು ಇನ್ನೊಂದು ದೊಡ್ಡ ಕುಂಡದೊಳಗೆ ಇಟ್ಟು ನಡುವೆ ತೆಂಗಿನ ನಾರು ತುಂಬಿದರೆ ಶಾಖ ಒಳಗೆ ಹೋಗುವುದು ತಗ್ಗುತ್ತದೆ. ನೀರು ಬೆಳಗ್ಗೆಯೇ ಕೊಡಬೇಕು. ಬಿಸಿಲು ಬರುವ ಹೊತ್ತಿಗೆ ಎಲೆಯ ತುದಿಯವರೆಗೂ ನೀರು ತಲುಪಿರಬೇಕು.

ಸಂಜೆ ನಾಲ್ಕಕ್ಕೆ ಎಲೆ ಜೋತಾಡುವುದನ್ನು ಕಂಡು ಚೊಂಬು ಹಿಡಿದು ಓಡುವ ಮುನ್ನ ಬೆರಳನ್ನು ಎರಡಂಗುಲ ಮಣ್ಣಿಗೆ ಇಳಿಸಿ ನೋಡಬೇಕು. ಮಣ್ಣು ಒಣಗಿದ್ದರೆ ದಾಹ ನಿಜ. ತೇವ ಇದ್ದರೆ ಬೇರು ಕೊಡುವುದಕ್ಕಿಂತ ವೇಗವಾಗಿ ಎಲೆ ನೀರು ಕಳೆದುಕೊಳ್ಳುತ್ತಿದೆ ಎಂದಷ್ಟೇ ಅರ್ಥ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಎಲೆ ನೆಟ್ಟಗಾಗುತ್ತದೆ. ಆಗಲೂ ನೀರು ಸುರಿಯುತ್ತ ಹೋದರೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರೆತ್ತಲಾರದೆ ಎಲೆ ಇನ್ನಷ್ಟು ಬಾಡುತ್ತದೆ. ಬೆಳಗ್ಗೆಯೂ ಜೋತುಕೊಂಡಿರುವ ಗಿಡಕ್ಕೆ ಮಾತ್ರ ಚಿಂತೆ ಮಾಡಬೇಕು.

ಪಡುವಣ ಬಾಲ್ಕನಿಯನ್ನು ಪಳಗಿಸುವ ಉತ್ತಮ ದಾರಿ ಎರಡು ಸಾಲು. ಅಂಚಿನಲ್ಲಿ ದೊಡ್ಡ ಕುಂಡದಲ್ಲಿ ಮಧುಮಾಲತಿಯನ್ನೋ ಶಂಖಪುಷ್ಪವನ್ನೋ ಬಸಳೆಯನ್ನೋ ನೆಟ್ಟು ದಾರಕ್ಕೆ ಹಬ್ಬಿಸಿದರೆ ಎರಡು ಮೂರು ತಿಂಗಳಲ್ಲಿ ಹಸಿರು ಪರದೆ ಕಟ್ಟುತ್ತದೆ. ಪರದೆಯ ಹಿಂದೆ ಸೋಸಿ ಬರುವ ಬೆಳಕಿನಲ್ಲಿ ಮೂಡಣದ ಗಿಡಗಳಲ್ಲಿ ಹಲವು ಬದುಕುತ್ತವೆ, ಮನೆಯ ಗೋಡೆಯ ಕಾವೂ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇದೇ ದಿಕ್ಕಿನಿಂದ ಮುಂಗಾರು ಗಾಳಿ ಬೀಸುವುದನ್ನೂ ಮರೆಯುವಂತಿಲ್ಲ. ಬೆಂಗಳೂರಿನ ಎತ್ತರದ ಮಹಡಿಗಳಲ್ಲಿ ಗಾಳಿ ಬಳ್ಳಿಗಳನ್ನು ಹರಿದರೆ ಮಂಗಳೂರಿನಂಥ ಕರಾವಳಿ ಊರುಗಳಲ್ಲಿ ಇರಚಲು ಮಳೆ ಕುಂಡಗಳನ್ನು ವಾರಗಟ್ಟಲೆ ತೋಯಿಸುತ್ತದೆ. ಅಡೀನಿಯಂನ ಬೊಡ್ಡೆ ಮೆತ್ತಗಾಗಿ ಕೊಳೆಯುವುದು ಆಗಲೇ. ಅದನ್ನು ಮಳೆಗಾಲದಲ್ಲಿ ಒಳಗೋಡೆಗೆ ಸರಿಸಿ ನೀರು ನಿಲ್ಲಿಸಬೇಕು.

ನೆರಳಿನ ಲೆಕ್ಕ

ನೇರ ಬಿಸಿಲು ಒಂದು ಗಂಟೆಗಿಂತ ಕಡಿಮೆ ಬೀಳುವ ಬಾಲ್ಕನಿಯನ್ನು, ಅದು ಯಾವ ದಿಕ್ಕಿಗಿದ್ದರೂ, ನೆರಳಿನದೆಂದೇ ಎಣಿಸಬೇಕು. ಇಲ್ಲಿ ಬೆಳಕು ಬರುವುದು ಸೂರ್ಯನಿಂದಲ್ಲ, ಆಕಾಶದಿಂದ. ಹಾಗಾಗಿ ಕುಂಡ ಇಡುವ ಜಾಗದಲ್ಲಿ ತಲೆ ತಗ್ಗಿಸಿ ಕೂತು ಹೊರಗೆ ನೋಡಿದಾಗ ಎಷ್ಟು ಆಕಾಶ ಕಾಣುತ್ತದೆ ಎಂಬುದೇ ಅಳತೆ. ಅರ್ಧ ನೋಟ ಆಕಾಶವಾಗಿದ್ದರೆ ಒಳ್ಳೆಯ ನೆರಳು. ಎದುರು ಕಟ್ಟಡದ ನೆತ್ತಿಯ ಮೇಲೊಂದು ಪಟ್ಟಿಯಷ್ಟೇ ಕಂಡರೆ ಮಧ್ಯಮ. ಆಕಾಶವೇ ಕಾಣದಿದ್ದರೆ ಕಡು ನೆರಳು. ಎದುರಿನ ಗೋಡೆ ಬಿಳಿ ಬಣ್ಣದ್ದಾಗಿದ್ದರೆ ಒಂದು ದರ್ಜೆ ಮೇಲಕ್ಕೇರಿಸಬಹುದು.

ನೆರಳಿನ ಗಿಡಗಳನ್ನು ಅರಿಯಲು ಮಲೆನಾಡಿನ ಅಡಿಕೆ ತೋಟ ನೋಡಬೇಕು. ಅಲ್ಲಿ ಅಡಿಕೆ ಮರಗಳ ಕೆಳಗೆ, ಮರಕ್ಕೆ ಹಬ್ಬಿ ಬೆಳೆಯುವ ವೀಳ್ಯದೆಲೆ, ಕಾಳುಮೆಣಸು, ಬುಡದಲ್ಲಿ ಏಲಕ್ಕಿ, ಮರಗಳ ನೆರಳಲ್ಲಿ ಕಾಫಿ, ಇವೆಲ್ಲ ಹುಟ್ಟಿನಿಂದಲೇ ಸೋಸಿದ ಬೆಳಕಿನ ಗಿಡಗಳು. ಇಂಥವುಗಳ ಎಲೆ ಅಗಲ, ತೆಳು, ಕಡು ಹಸಿರು. ಕಡಿಮೆ ಬೆಳಕನ್ನೂ ಬಿಡದೆ ಹಿಡಿಯುವ ಏರ್ಪಾಡು ಅದು. ಅವುಗಳ ಖರ್ಚೂ ಕಡಿಮೆ. ಪ್ರತಿ ಗಿಡವೂ ತಾನು ತಯಾರಿಸಿದ ಆಹಾರದ ಒಂದು ಪಾಲನ್ನು ಉಸಿರಾಟಕ್ಕೆ ವ್ಯಯಿಸುತ್ತದೆ. ಬಿಸಿಲಿನ ಗಿಡದ ದಿನದ ಖರ್ಚು ದೊಡ್ಡದು. ನೆರಳಿನಲ್ಲಿಟ್ಟಾಗ ಗಳಿಕೆ ಖರ್ಚಿಗಿಂತ ಕೆಳಗಿಳಿದು ಕೂಡಿಟ್ಟದ್ದನ್ನು ತಿನ್ನುತ್ತ ಹೋಗುತ್ತದೆ. ತುಳಸಿಯೋ ಗುಲಾಬಿಯೋ ನೆರಳಿನಲ್ಲಿ ಮೊದಲ ಕೆಲವು ವಾರ ಚೆನ್ನಾಗಿಯೇ ಇದ್ದು ಆಮೇಲೆ ಸೊರಗುವುದು ಹೀಗೆ.

ಒಳ್ಳೆಯ ನೆರಳಿನ ಬಾಲ್ಕನಿಯಲ್ಲಿ ವೀಳ್ಯದೆಲೆ ಬಳ್ಳಿ ಸೊಗಸಾಗಿ ಬೆಳೆಯುತ್ತದೆ. ತೇವ ಹಿಡಿದಿಡುವ, ನೀರು ನಿಲ್ಲದ ಮಣ್ಣು, ಹತ್ತಲು ತೆಂಗಿನ ನಾರು ಸುತ್ತಿದ ಕೋಲು, ಬೇಸಿಗೆಯಲ್ಲಿ ಎಲೆಗೆ ನೀರಿನ ಸಿಂಪಡಣೆ. ಬಿಸಿಗಾಳಿಯೊಂದು ಅದಕ್ಕೆ ಆಗದು. ಪೊದೆಯಾಗಿ ಬೆಳೆಯುವ ಕಾಳುಮೆಣಸಿನ ಗಿಡ, ಎಳೆಯ ಕಾಫಿ ಗಿಡ, ಜರಿಗಿಡಗಳು, ಪೀಸ್ ಲಿಲ್ಲಿ, ಸಿಂಗೋನಿಯಂ, ಫಿಲೊಡೆಂಡ್ರಾನ್ ಇದೇ ಗುಂಪಿನವು. ಮಧ್ಯಮ ನೆರಳಿಗೆ ಮನಿ ಪ್ಲಾಂಟ್, ಅಗ್ಲೋನೀಮಾ. ಕಡು ನೆರಳಿಗೆ ಉಳಿಯುವುದು ಸ್ನೇಕ್ ಪ್ಲಾಂಟ್ ಮತ್ತು ಝೆಡ್‌ಝೆಡ್ ಪ್ಲಾಂಟ್. ಈ ಎರಡು ಅಲ್ಲಿ ಬೆಳೆಯುತ್ತವೆ ಎನ್ನುವುದಕ್ಕಿಂತ ಸಹಿಸಿಕೊಂಡಿರುತ್ತವೆ ಎನ್ನುವುದು ಸರಿ. ವರ್ಷಕ್ಕೆ ಒಂದೆರಡು ಎಲೆ ಬಂದರೆ ಅದೇ ಹೆಚ್ಚು. ಬಿಳಿ, ಹಳದಿ ಪಟ್ಟೆಯ ತಳಿಗಳಿಗೆ ಅದೇ ಜಾತಿಯ ಹಸಿರು ತಳಿಗಿಂತ ಹೆಚ್ಚು ಬೆಳಕು ಬೇಕು, ಪಟ್ಟೆಯ ಭಾಗದಲ್ಲಿ ಹಸಿರು ಕಡಿಮೆ ಇರುವುದರಿಂದ. ಕತ್ತಲ ಮೂಲೆಗೆ ಹಸಿರನ್ನೇ ಆರಿಸಬೇಕು.

ನೆರಳಿನ ಗಿಡಗಳು ಸಾಯುವುದು ಕತ್ತಲಿನಿಂದ ಕಡಿಮೆ, ನೀರಿನಿಂದ ಹೆಚ್ಚು. ಬೆಳಕು ಕಡಿಮೆಯಾದಷ್ಟೂ ಗಿಡ ಕುಡಿಯುವುದು ಕಡಿಮೆ, ಮಣ್ಣು ಒಣಗುವುದೂ ನಿಧಾನ. ಪಡುವಣದಲ್ಲಿ ದಿನವೂ ನೀರು ಕೇಳುವ ಗಾತ್ರದ ಕುಂಡಕ್ಕೆ ಇಲ್ಲಿ ವಾರಕ್ಕೊಂದು ಸಲ ಸಾಕಾಗಬಹುದು, ಸ್ನೇಕ್ ಪ್ಲಾಂಟಿಗೆ ಅದೂ ಹೆಚ್ಚು. ಕೆಳಗಿನ ಎಲೆಗಳು ಒಂದೊಂದಾಗಿ ಹಳದಿಯಾಗುವುದು, ಮಣ್ಣಿನ ಮೇಲೆ ಚಿಕ್ಕ ಕಪ್ಪು ನೊಣಗಳು ಹಾರುವುದು ನೀರು ಅತಿಯಾದ ಗುರುತು. ಮಣ್ಣಿನ ಮಿಶ್ರಣದಲ್ಲಿ ತೆಂಗಿನ ನಾರಿನ ಪುಡಿಯನ್ನು ತಗ್ಗಿಸಿ ದಪ್ಪ ಮರಳನ್ನು ಸೇರಿಸಿದರೆ ನೀರು ಬೇಗ ಇಳಿಯುತ್ತದೆ. ಎಲೆಯ ಮೇಲೆ ಕೂತ ರಸ್ತೆಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುವುದೂ ಇಲ್ಲಿ ಬರಿಯ ಅಂದಕ್ಕಲ್ಲ. ಇರುವ ಅಲ್ಪ ಬೆಳಕನ್ನು ಧೂಳು ತಿನ್ನಬಾರದು.

ಗಿಡ ಕೊಡುವ ಸೂಚನೆ

ಜಾಗ ತಪ್ಪಿದ್ದನ್ನು ಗಿಡ ತಾನೇ ತೋರಿಸುತ್ತದೆ. ಬೆಳಕು ಸಾಲದ ಗಿಡದಲ್ಲಿ ಒಂದೆಲೆಗೂ ಇನ್ನೊಂದೆಲೆಗೂ ನಡುವಿನ ಕಾಂಡ ಉದ್ದವಾಗುತ್ತದೆ, ಹೊಸ ಎಲೆ ಹಳೆಯದಕ್ಕಿಂತ ಸಣ್ಣದಾಗಿ ಮಂಕಾಗಿ ಬರುತ್ತದೆ, ಇಡೀ ಗಿಡ ಹೊರಗಡೆಗೆ ವಾಲುತ್ತದೆ, ಪಟ್ಟೆಯ ಎಲೆಗಳು ಹಸಿರಿಗೆ ತಿರುಗುತ್ತವೆ. ಬಿಸಿಲು ಹೆಚ್ಚಾದ ಗಿಡದಲ್ಲಿ ಸೂರ್ಯನ ಕಡೆಗಿರುವ ಮೇಲಿನ ಎಲೆಗಳ ಮೇಲೆ ಮಾತ್ರ ಬಿಳಚಿದ ಮಚ್ಚೆ ಬಿದ್ದು ಕೆಲವೇ ದಿನಗಳಲ್ಲಿ ಕಂದು ಕಾಗದದಂತಾಗುತ್ತದೆ. ಆ ಎಲೆಯ ನೆರಳಿನಲ್ಲಿದ್ದ ಎಲೆ ಹಸಿರಾಗಿಯೇ ಇರುತ್ತದೆ. ನೀರಿನ ಕೊರತೆಯಾದರೆ ಹೀಗೆ ಒಂದು ಮಗ್ಗುಲು ಮಾತ್ರವಲ್ಲ, ಇಡೀ ಗಿಡವೇ ಜೋಲುತ್ತದೆ. ಪಡುವಣದ ಒಣ ಕಾವಿನಲ್ಲಿ ಎಲೆಯ ಮೇಲೆ ಸೂಜಿಮೊನೆಯಂಥ ತಿಳಿ ಚುಕ್ಕಿಗಳು, ಅಡಿಯಲ್ಲಿ ನವಿರಾದ ಬಲೆ ಕಂಡರೆ ಅದು ಬಿಸಿಲಿನದಲ್ಲ, ಜೇಡನುಸಿಯ ಕೆಲಸ. ಎಲೆಯ ಅಡಿಭಾಗಕ್ಕೆ ಕೆಲವು ದಿನ ನೀರಿನ ಜೋರು ಸಿಂಪಡಣೆ ಕೊಟ್ಟರೆ ಹತೋಟಿಗೆ ಬರುತ್ತದೆ.

ಹೊಸದಾಗಿ ತಂದ ಗಿಡಗಳು ಸುಡುವುದಕ್ಕೆ ಇನ್ನೊಂದು ಕಾರಣವುಂಟು. ನರ್ಸರಿಗಳಲ್ಲಿ ಬಹಳಷ್ಟು ಗಿಡಗಳನ್ನು ಅರ್ಧ ಬಿಸಿಲನ್ನೋ ಅದಕ್ಕಿಂತ ಹೆಚ್ಚನ್ನೋ ತಡೆಯುವ ಹಸಿರು ಬಲೆಯ ಕೆಳಗೆ ಬೆಳೆಸಿರುತ್ತಾರೆ. ಅಲ್ಲಿ ಬಂದ ಎಲೆ ನೆರಳಿಗೆಂದೇ ರೂಪುಗೊಂಡಿರುತ್ತದೆ. ದಾಸವಾಳದಂಥ ಬಿಸಿಲಿನ ಗಿಡವೂ ನೇರ ಪಡುವಣಕ್ಕೆ ಬಂದರೆ ಸುಟ್ಟುಕೊಳ್ಳುತ್ತದೆ. ಮೊದಲ ಮೂರು ನಾಲ್ಕು ದಿನ ಒಳಗೋಡೆಯ ನೆರಳಿನಲ್ಲಿ, ಮುಂದಿನ ಕೆಲವು ದಿನ ಒಂದೆರಡು ಗಂಟೆ ಬಿಸಿಲು ತಾಗುವಲ್ಲಿ, ಹತ್ತು ದಿನದ ಮೇಲೆ ಅಂಚಿಗೆ ಎಂಬ ಕ್ರಮ ಸಾಕು. ನೆರಳಿನಲ್ಲಿ ಸೊರಗಿದ ಗಿಡವನ್ನು ಬಿಸಿಲಿಗೆ ತರುವಾಗಲೂ ಇದೇ ಕ್ರಮ. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಆದರೆ ಅದರಲ್ಲಿ ಉಳಿದ ಹಸಿರು ಭಾಗ ಗಿಡಕ್ಕೆ ಇನ್ನೂ ಅನ್ನ ಬೇಯಿಸುತ್ತಿರುವುದರಿಂದ ಕೂಡಲೇ ಕೀಳಬಾರದು. ಜಾಗ ಬದಲಿಸಿದ ಮೇಲೆ ಹಳೆಯ ಎಲೆಗಳನ್ನು ನೋಡಿ ತೀರ್ಪು ಕೊಡುವಂತಿಲ್ಲ. ಮೂರು ನಾಲ್ಕು ವಾರ ಬಿಟ್ಟು, ಅಲ್ಲಿಗೆ ಬಂದ ಮೇಲೆ ಚಿಗುರಿದ ಎಲೆಯ ಗಾತ್ರ, ಬಣ್ಣ, ಎಲೆಗಳ ನಡುವಿನ ಅಂತರ ನೋಡಿ ಅಲ್ಲೇ ಇರಿಸಬೇಕೋ ಇನ್ನೊಂದಡಿ ಸರಿಸಬೇಕೋ ಎಂದು ನಿರ್ಧರಿಸಬೇಕು.